ಒಂದು ಸೀನ್, ಎರಡು ಶೀಟ್: ಸ್ಕ್ರಿಪ್ಟ್ ಬ್ರೇಕ್‌ಡೌನ್ ಮಾಡುವ ಬಗೆ

ಸ್ಕ್ರಿಪ್ಟ್ ಓದಿ ಮುಗಿಸಿದ ಪ್ರೊಡ್ಯೂಸರ್ ಕೇಳುವುದು ಎರಡೇ ಪ್ರಶ್ನೆ. ಎಷ್ಟು ದಿನ ಆಗುತ್ತೆ? ಎಷ್ಟು ದುಡ್ಡು ಬೇಕು? ಅಂದಾಜಿಗೆ ಒಂದು ಸಂಖ್ಯೆ ಹೇಳಿಬಿಡುವುದು ಸುಲಭ. ಆದರೆ ಆ ಸಂಖ್ಯೆಯನ್ನು ನಂಬಿ ಕಾಲ್‌ಶೀಟ್ ತೆಗೆದುಕೊಳ್ಳುವವರು, ಮನೆ ಬಾಡಿಗೆಗೆ ಹಿಡಿಯುವವರು, ಮಳೆ ಮೆಷಿನ್‌ಗೆ ಅಡ್ವಾನ್ಸ್ ಕೊಡುವವರು ಇರುತ್ತಾರಲ್ಲ, ಅವರಿಗೆ ಅಂದಾಜು ಸಾಲದು. ಅದಕ್ಕೇ ಬ್ರೇಕ್‌ಡೌನ್ ಶೀಟ್ ಬೇಕು. ಪ್ರತಿ ಸೀನ್‌ಗೆ ಒಂದು ಹಾಳೆ. ಆ ಸೀನ್ ಶೂಟ್ ಮಾಡಲು ಯಾರು ಬೇಕು, ಏನೇನು ಬೇಕು, ಎಲ್ಲಿ, ಯಾವ ಹೊತ್ತಿನಲ್ಲಿ ಅನ್ನುವುದೆಲ್ಲ ಅದರಲ್ಲಿರಬೇಕು.

ಸ್ಕ್ರಿಪ್ಟ್‌ನಲ್ಲಿ ಬರೆದಿರುವ ಪಾತ್ರ, ವಸ್ತುಗಳಿಗೆ ಬಣ್ಣ ಹಚ್ಚಿ ಗುರುತು ಹಾಕುವುದು ಯಾರಿಗಾದರೂ ಬರುತ್ತದೆ. ಬಜೆಟ್ ಕೈಮೀರುವುದು ಬರೆಯದೆ ಬಿಟ್ಟ ಕಡೆ. ಹಾಗಾಗಿ ಇಲ್ಲಿ ಒಂದೇ ಒಂದು ಸೀನ್ ಹಿಡಿದು, ಮೊದಲಿಂದ ಕೊನೆಯವರೆಗೆ ಬಿಡಿಸಿ ನೋಡೋಣ. ಸೀನ್ ಇದು:

> 24. ಒಳಗೆ. ಶಾರದಾ ಮನೆ, ಹಜಾರ. ರಾತ್ರಿ
>
> ಹೊರಗೆ ಜೋರು ಮಳೆ. ಕರೆಂಟು ಹೋಗಿದೆ. ಲಾಟೀನಿನ ಬೆಳಕಿನಲ್ಲಿ ಶಾರದಾ (60) ಹಳೇ ಫೋಟೋ ಒಂದರ ಗಾಜು ಒರೆಸುತ್ತಿದ್ದಾಳೆ. ಫೋಟೋದಲ್ಲಿ ಅವಳು ಮತ್ತು ಗಂಡ, ಮದುವೆಯ ದಿನ. ಮೂಲೆಯಲ್ಲಿ ಚಿನ್ನಿ (7) ಹೊದ್ದು ಮಲಗಿದ್ದಾಳೆ. ದೂರದಲ್ಲೆಲ್ಲೋ ನಾಯಿ ಬೊಗಳುತ್ತದೆ. ಬೈಕ್ ಬಂದು ನಿಂತ ಸದ್ದು. ಬಾಗಿಲು ತಳ್ಳಿಕೊಂಡು ರವಿ (30) ಒಳಗೆ ಬರುತ್ತಾನೆ. ಮೈಯೆಲ್ಲ ಒದ್ದೆ. ಹಣೆಯಿಂದ ರಕ್ತ.
>
> ಶಾರದಾ: ರವೀ! ಏನಾಯ್ತೋ?
>
> ಅವಳ ಕೈಯಿಂದ ಫೋಟೋ ಜಾರಿ ಬಿದ್ದು ಗಾಜು ಒಡೆಯುತ್ತದೆ. ಚಿನ್ನಿ ಎಚ್ಚರಗೊಂಡು ಅಳುತ್ತಾಳೆ. ರವಿಯ ಜೇಬಿನಲ್ಲಿ ಫೋನ್ ಅದುರುತ್ತದೆ. ತೆಗೆದು ನೋಡುತ್ತಾನೆ. ಪರದೆಯ ಮೇಲೆ 'ಸುರೇಶ' ಎಂದಿದೆ. ಮಾತಾಡದೆ ಹೊರಗೆ ಓಡುತ್ತಾನೆ. ಅಂಗಳದಲ್ಲಿ ಬೈಕ್ ಹತ್ತಿ ಮಳೆಯಲ್ಲಿ ಮರೆಯಾಗುತ್ತಾನೆ.

ಪುಟದಲ್ಲಿ ಮುಕ್ಕಾಲು ಭಾಗ, ಒಂದೇ ಸಾಲು ಮಾತು. ಸಣ್ಣ ಸೀನ್ ಅನಿಸುತ್ತೆ, ಅಲ್ವಾ? ನೋಡೋಣ.

## ಮೊದಲ ಓದು, ಪೆನ್ ಇಲ್ಲದೆ

ಬ್ರೇಕ್‌ಡೌನ್ ಶುರು ಮಾಡುವ ಮುಂಚೆ ಸ್ಕ್ರಿಪ್ಟ್ ಲಾಕ್ ಆಗಿರಬೇಕು, ಸೀನ್ ನಂಬರ್ ಬಿದ್ದಿರಬೇಕು. ಆಮೇಲೆ ನಂಬರ್ ಬದಲಾಯಿಸುವ ಹಾಗಿಲ್ಲ. ಕಾಲ್‌ಶೀಟ್, ಕಾಸ್ಟ್ಯೂಮ್ ಪಟ್ಟಿ, ಕಂಟಿನ್ಯುಟಿ ಪುಸ್ತಕ ಎಲ್ಲವೂ ಆ ನಂಬರ್ ಹಿಡಿದೇ ನಡೆಯುತ್ತವೆ.

ಒಮ್ಮೆ ಪೂರ್ತಿ ಸ್ಕ್ರಿಪ್ಟ್ ಓದಿ. ಪೆನ್ ಮುಟ್ಟಬೇಡಿ. ಎರಡನೇ ಓದಿಗೆ ಪೆನ್ಸಿಲ್ ಹಿಡಿದು ಒಂದೇ ಕೆಲಸ ಮಾಡಿ: ಪ್ರತಿ ಸೀನ್‌ನ ಪಕ್ಕ ಕಥೆಯ ದಿನ ಬರೆಯಿರಿ. ಕಥೆ ಶುರುವಾಗುವ ದಿನ ಹಗಲು 1, ಅದೇ ರಾತ್ರಿ ರಾತ್ರಿ 1, ಮರುದಿನ ಹಗಲು 2, ಹೀಗೆ. ನಮ್ಮ ಸೀನ್ 24 ರಾತ್ರಿ 3ಕ್ಕೆ ಬರುತ್ತದೆ ಅಂದುಕೊಳ್ಳಿ. ಅದರ ಹಿಂದಿನ ಸೀನ್ 23 ಕೂಡ ರಾತ್ರಿ 3. ಅಲ್ಲಿ ರವಿ ಬೈಕ್‌ನಿಂದ ಬೀಳುತ್ತಾನೆ.

ಈ ಒಂದು ಗುರುತು ಹಾಕಿದ್ದಕ್ಕೇ ಎಷ್ಟೋ ವಿಷಯ ಸಿಕ್ಕಿತು ನೋಡಿ. ಎರಡೂ ಸೀನ್‌ನಲ್ಲಿ ರವಿಯ ಅಂಗಿ ಒಂದೇ. ಹಣೆಯ ಗಾಯ ಒಂದೇ. ಬೈಕ್ ಒಂದೇ, ಅದೂ ಬಿದ್ದ ಬೈಕ್. ಸೀನ್ 24ರಲ್ಲಿ ಇದ್ಯಾವುದನ್ನೂ ಬರೆದಿಲ್ಲ.

## ಎಂಟರ ಲೆಕ್ಕ

ಸೀನ್‌ನ ಉದ್ದವನ್ನು ಪುಟದ ಎಂಟನೇ ಭಾಗಗಳಲ್ಲಿ ಅಳೆಯುವುದು ರೂಢಿ. ಪುಟವನ್ನು ಮೇಲಿಂದ ಕೆಳಕ್ಕೆ ಎಂಟು ಸಮ ಭಾಗ ಮಾಡಿಕೊಳ್ಳಿ. ಒಂದೊಂದು ಭಾಗ ಹೆಚ್ಚು ಕಡಿಮೆ ಒಂದು ಇಂಚು. ಎರಡೇ ಸಾಲಿನ ಸೀನ್ ಆದರೂ 1/8 ಅಂತಲೇ ಎಣಿಸಬೇಕು, ಸೊನ್ನೆ ಹಾಕುವ ಹಾಗಿಲ್ಲ. ಭಿನ್ನರಾಶಿಯನ್ನು ಚಿಕ್ಕದು ಮಾಡಬೇಡಿ. 4/8 ಅನ್ನು 1/2 ಅಂತ ಬರೆದರೆ ಕೂಡುವಾಗ ತೊಡಕಾಗುತ್ತದೆ. ನಮ್ಮ ಸೀನ್ 6/8.

ಸ್ಪ್ರೆಡ್‌ಶೀಟ್ ಬಳಸುವವರು ಇಲ್ಲೊಂದು ವಿಷಯ ಗಮನಿಸಬೇಕು. ಕೋಶದಲ್ಲಿ 6/8 ಅಂತ ಟೈಪ್ ಮಾಡಿದರೆ ಅದು ಸುಮ್ನೆ ತಾರೀಖಾಗಿ ಬದಲಾಗುತ್ತದೆ. ಅದಕ್ಕೆ ಎಂಟನೇ ಭಾಗಗಳನ್ನು ಪೂರ್ಣಸಂಖ್ಯೆಯಾಗಿ ಹಾಕಿ. 6/8ಕ್ಕೆ 6, ಒಂದು ಪುಟ 6/8ಕ್ಕೆ 14. ಓದಲು ಬೇಕಾದ ರೂಪ ಪಕ್ಕದ ಕೋಶದಲ್ಲಿ ತಾನೇ ಬರಲಿ:

```
=INT(B2/8)&" "&MOD(B2,8)&"/8"
```

ಪ್ರಮಾಣಿತ ಫಾರ್ಮ್ಯಾಟ್‌ನಲ್ಲಿ ಬರೆದ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ ಬರುತ್ತದೆ ಅನ್ನುವುದು ಹಳೆಯ ಅಳತೆ. ಎಡಕ್ಕೆ ದೃಶ್ಯ, ಬಲಕ್ಕೆ ಮಾತು ಅಂತ ಎರಡು ಕಾಲಂನಲ್ಲಿ ಬರೆದ ಸ್ಕ್ರಿಪ್ಟ್‌ಗೆ ಈ ಅಳತೆ ಕೂಡುವುದಿಲ್ಲ. ಆದರೂ ಎಂಟರ ಲೆಕ್ಕ ಬಿಡಬೇಡಿ. ಒಂದು ಸೀನ್ ಇನ್ನೊಂದಕ್ಕಿಂತ ಎಷ್ಟು ದೊಡ್ಡದು ಅನ್ನುವುದನ್ನಂತೂ ಅದು ಹೇಳುತ್ತದೆ.

ಹೇಳದೆ ಇರುವುದು ಒಂದಿದೆ: ಶೂಟ್ ಮಾಡಲು ಎಷ್ಟು ಹೊತ್ತು ಬೇಕು ಅನ್ನುವುದು. ಇಬ್ಬರು ಕೂತು ಮಾತಾಡುವ ಎರಡು ಪುಟ ಅರ್ಧ ದಿನದಲ್ಲಿ ಮುಗಿಯಬಹುದು. 'ಬೈಕ್ ಹತ್ತಿ ಮಳೆಯಲ್ಲಿ ಮರೆಯಾಗುತ್ತಾನೆ' ಅನ್ನುವ ಒಂದು ಸಾಲಿಗೆ ಅರ್ಧ ರಾತ್ರಿ ಹೋಗಬಹುದು. ಅದಕ್ಕೆ ಶೀಟ್‌ನಲ್ಲಿ ಪುಟದ ಲೆಕ್ಕದ ಪಕ್ಕದಲ್ಲೇ ಅಂದಾಜು ಗಂಟೆಗೂ ಒಂದು ಜಾಗ ಇಡಿ. ನಿರ್ದೇಶಕರ ಜತೆ ಕೂತ ಮೇಲೆ ಅದನ್ನು ತುಂಬಿ.

## ಸೀನ್ ಒಡೆಯುವುದು

ಈಗ ತಲೆಬರಹ ಇನ್ನೊಮ್ಮೆ ಓದಿ. 'ಒಳಗೆ. ಹಜಾರ' ಎಂದಿದೆ. ಆದರೆ ಕೊನೆಯ ಸಾಲು ಅಂಗಳದಲ್ಲಿ ನಡೆಯುತ್ತದೆ. ಬರೆದವರಿಗೆ ಅದು ಒಂದೇ ಓಘದ ಸೀನ್. ಶೂಟ್ ಮಾಡುವವರಿಗೆ ಅದು ಎರಡು ಜಾಗ, ಎರಡು ಲೈಟಿಂಗ್, ಪ್ರಾಯಶಃ ಎರಡು ಬೇರೆ ದಿನ. ಹಜಾರವನ್ನು ಸೆಟ್ ಹಾಕಿ, ಅಂಗಳವನ್ನು ನಿಜವಾದ ಮನೆಯೊಂದರಲ್ಲಿ ತೆಗೆಯುವ ಸಾಧ್ಯತೆಯೂ ಇದೆ.

ಹಾಗಾಗಿ ಎರಡು ಶೀಟ್ ಮಾಡಿ. ಒಂದು 24 ಭಾಗ 1, ಹಜಾರ, 5/8. ಇನ್ನೊಂದು 24 ಭಾಗ 2, ಅಂಗಳ, 1/8. ಒಟ್ಟು ಮೊದಲಿದ್ದಷ್ಟೇ ಇರಬೇಕು. ಕೊನೆಯಲ್ಲಿ ಎಲ್ಲ ಶೀಟ್‌ಗಳ ಎಂಟನೇ ಭಾಗ ಕೂಡಿಸಿದಾಗ ಸ್ಕ್ರಿಪ್ಟ್‌ನ ಪುಟದ ಸಂಖ್ಯೆಗೆ ಹತ್ತಿರ ಬರದಿದ್ದರೆ ಎಲ್ಲೋ ಒಂದು ಸೀನ್ ಬಿಟ್ಟುಹೋಗಿದೆ, ಇಲ್ಲವೇ ಎರಡು ಸಲ ಎಣಿಸಿದ್ದೀರಿ.

ಫೋನಿನಲ್ಲಿ ಇಬ್ಬರು ಮಾತಾಡುವ ಸೀನ್, ಹಗಲಿನಿಂದ ರಾತ್ರಿಗೆ ಹೊರಳುವ ಸೀನ್, ಸಣ್ಣ ಸಣ್ಣ ದೃಶ್ಯ ಪೋಣಿಸಿದ ಮಾಂಟಾಜ್ ಇವಕ್ಕೂ ಇದೇ ನಿಯಮ. ಜಾಗ ಅಥವಾ ಹೊತ್ತು ಬದಲಾದರೆ ಹೊಸ ಶೀಟ್.

## ಒಂದು ವಸ್ತುವಿಗೆ ಒಂದೇ ಹೆಸರು

ಬ್ರೇಕ್‌ಡೌನ್ ಕೆಡುವುದು ಹೆಚ್ಚಾಗಿ ಇಲ್ಲೇ. ಒಂದು ಶೀಟ್‌ನಲ್ಲಿ 'ಶಾರದಾ ಮನೆ', ಇನ್ನೊಂದರಲ್ಲಿ 'ಶಾರದಮ್ಮನ ಮನೆ', ಮತ್ತೊಂದರಲ್ಲಿ 'ರವಿ ಮನೆ' ಅಂತ ಬರೆದರೆ ಓದುವ ಮನುಷ್ಯನಿಗೆ ಅರ್ಥವಾಗುತ್ತದೆ. ಕಂಪ್ಯೂಟರ್ ವಿಂಗಡಿಸಿದಾಗ ಮೂರು ಲೊಕೇಶನ್ ಆಗುತ್ತವೆ. ಕನ್ನಡದಲ್ಲಿ ಟೈಪ್ ಮಾಡುವಾಗ ಇನ್ನೂ ಎಚ್ಚರ ಬೇಕು. 'ಫೋಟೋ' ಮತ್ತು 'ಫೋಟೊ' ನಮಗೆ ಒಂದೇ, ಸ್ಪ್ರೆಡ್‌ಶೀಟ್‌ಗೆ ಎರಡು ಬೇರೆ ವಸ್ತು. `COUNTIF` ಹಾಕಿ ಎಣಿಸಿದಾಗ ಅರ್ಧ ಸೀನ್‌ಗಳು ಮಾಯವಾಗಿರುತ್ತವೆ, ನಿಮಗೆ ಗೊತ್ತೂ ಆಗುವುದಿಲ್ಲ.

ಪರಿಹಾರ ಸರಳ. ಹೆಸರುಗಳದ್ದೇ ಒಂದು ಪಟ್ಟಿ ಮಾಡಿ, ಅದರಿಂದ ಆರಿಸುವ ಹಾಗೆ ಕೋಶಗಳಿಗೆ ಡ್ರಾಪ್‌ಡೌನ್ ಹಾಕಿ. ಸೆಟ್ ಹೆಸರು ದೊಡ್ಡದರಿಂದ ಸಣ್ಣದಕ್ಕೆ ಹೋಗಲಿ: 'ಶಾರದಾ ಮನೆ - ಹಜಾರ', 'ಶಾರದಾ ಮನೆ - ಅಂಗಳ'. ವಿಂಗಡಿಸಿದಾಗ ಒಂದು ಮನೆಯದ್ದೆಲ್ಲ ಒಟ್ಟಿಗೆ ಬರುತ್ತದೆ. ಕಥೆಯಲ್ಲಿರುವ ಜಾಗ ಸೆಟ್, ನಿಜವಾಗಿ ಶೂಟ್ ಮಾಡುವ ಜಾಗ ಲೊಕೇಶನ್. ಇವೆರಡಕ್ಕೆ ಬೇರೆ ಬೇರೆ ಕಾಲಂ ಇರಲಿ. ಲೊಕೇಶನ್ ಕಾಲಂ ಶುರುವಿನಲ್ಲಿ ಖಾಲಿ ಇದ್ದರೂ ಪರವಾಗಿಲ್ಲ.

ಪಾತ್ರಗಳಿಗೆ ನಂಬರ್ ಕೊಡಿ. ರವಿ 1, ಶಾರದಾ 2, ಸುರೇಶ 3, ಚಿನ್ನಿ 7, ಹೀಗೆ. ಮುಖ್ಯ ಪಾತ್ರದಿಂದ ಕೆಳಕ್ಕೆ. ಈ ನಂಬರೂ ಮುಂದೆ ಬದಲಾಗಬಾರದು.

## ಟ್ಯಾಗ್ ಮಾಡುವುದು

ಟ್ಯಾಗ್ ಮಾಡುವುದು ಅಂದರೆ ಸೀನ್‌ಗೆ ಬೇಕಾದ ಪ್ರತಿಯೊಂದೂ ಯಾವ ವಿಭಾಗದ್ದು ಅಂತ ಗುರುತು ಹಾಕುವುದು. ಕಾಗದದ ಮೇಲೆ ಬಣ್ಣ ಹಚ್ಚುವವರಿಗೆ ಹಳೆಯ ರೂಢಿಯ ಬಣ್ಣಗಳಿವೆ. ಮಾತಿರುವ ಪಾತ್ರ ಕೆಂಪು, ಮಾತಿಲ್ಲದ ಸಣ್ಣ ಪಾತ್ರ ಹಳದಿ, ಹಿನ್ನೆಲೆಯ ಜನ ಹಸಿರು, ಸ್ಟಂಟ್ ಕಿತ್ತಳೆ, ಸ್ಪೆಷಲ್ ಎಫೆಕ್ಟ್ ನೀಲಿ, ಪ್ರಾಪ್ ನೇರಳೆ, ವಾಹನ ಮತ್ತು ಪ್ರಾಣಿ ಗುಲಾಬಿ, ಧ್ವನಿ ಮತ್ತು ಸಂಗೀತ ಕಂದು. ಕಾಸ್ಟ್ಯೂಮ್‌ಗೆ ಸುತ್ತ ವೃತ್ತ, ಮೇಕಪ್‌ಗೆ ನಕ್ಷತ್ರ. ಸಾಫ್ಟ್‌ವೇರ್‌ಗಳಲ್ಲಿ ಬಣ್ಣ ಸ್ವಲ್ಪ ಆಚೀಚೆ ಇರಬಹುದು. ಯಾವ ಬಣ್ಣ ಅನ್ನುವುದು ಮುಖ್ಯವಲ್ಲ, ತಂಡದಲ್ಲಿ ಎಲ್ಲರಿಗೂ ಒಂದೇ ಇದ್ದರೆ ಸಾಕು.

ಒಂದೊಂದು ವಿಭಾಗಕ್ಕೆ ಒಂದೊಂದು ಸಲ ಸೀನ್ ಓದುವುದು ನನಗೆ ಸರಿ ಅನಿಸುತ್ತದೆ. ಎಲ್ಲ ಬಣ್ಣ ಒಟ್ಟಿಗೆ ಹಚ್ಚಲು ಹೋದರೆ ಕಣ್ಣು ದೊಡ್ಡ ವಸ್ತುಗಳನ್ನು ಹಿಡಿದು ಸಣ್ಣವನ್ನು ಬಿಡುತ್ತದೆ.

ಪಾತ್ರಗಳು. ಶಾರದಾ, ರವಿ ಸರಿ. ಚಿನ್ನಿಗೆ ಈ ಸೀನ್‌ನಲ್ಲಿ ಮಾತಿಲ್ಲ, ಆದರೆ ಬೇರೆ ಸೀನ್‌ನಲ್ಲಿದೆ. ಹಾಗಾಗಿ ಇಲ್ಲೂ ಅವಳು ಪಾತ್ರವೇ, ನಂಬರ್ 7. ಸುರೇಶ ಬರೀ ಹೆಸರಾಗಿ ಪರದೆಯ ಮೇಲೆ ಬರುತ್ತಾನೆ. ಅವನನ್ನು ಟ್ಯಾಗ್ ಮಾಡಬಾರದು. ಮಾಡಿದರೆ ಆ ನಟನ ಒಂದು ದಿನದ ಕಾಲ್‌ಶೀಟ್ ಸುಮ್ನೆ ಲೆಕ್ಕಕ್ಕೆ ಬರುತ್ತದೆ. ಅವನ ದನಿ ಫೋನಿನಲ್ಲಿ ಕೇಳಿಸಿದ್ದರೆ 'ಧ್ವನಿ ಮಾತ್ರ' ಅಂತ ಬೇರೆ ಟ್ಯಾಗ್ ಹಾಕಬೇಕಿತ್ತು. ಅದು ಡಬ್ಬಿಂಗ್‌ಗೆ ಹೋಗುತ್ತದೆ, ಶೂಟಿಂಗ್‌ಗೆ ಅಲ್ಲ.

ಚಿನ್ನಿಗೆ ಏಳು ವರ್ಷ ಅನ್ನುವುದನ್ನು ಟಿಪ್ಪಣಿಯಲ್ಲಿ ದೊಡ್ಡದಾಗಿ ಬರೆಯಿರಿ. ಮಕ್ಕಳು ಎಷ್ಟು ಗಂಟೆ, ಎಷ್ಟು ಹೊತ್ತಿನವರೆಗೆ ಕೆಲಸ ಮಾಡಬಹುದು ಅನ್ನುವುದಕ್ಕೆ ಆಯಾ ಜಾಗದಲ್ಲಿ ಕಾನೂನಿನ ಮಿತಿ ಇರುತ್ತದೆ. ಜತೆಗೆ ಪೋಷಕರೊಬ್ಬರು ಇರಬೇಕು. ಮಗು ಮತ್ತು ರಾತ್ರಿ ಒಂದೇ ಶೀಟ್‌ನಲ್ಲಿ ಕಂಡರೆ ಅಲ್ಲೇ ನಿಲ್ಲಿ. ಇದಕ್ಕೆ ಶೆಡ್ಯೂಲ್ ಹಾಕುವಾಗ ಮತ್ತೆ ಬರೋಣ.

ಪ್ರಾಪ್ಸ್. ನಟರು ಕೈಯಲ್ಲಿ ಹಿಡಿಯುವುದು, ಬಳಸುವುದು ಪ್ರಾಪ್. ಸುಮ್ಮನೆ ಇರುವುದು ಸೆಟ್ ಅಲಂಕಾರ, ಅದು ಕಲಾ ವಿಭಾಗಕ್ಕೆ. ಈ ಸೀನ್‌ನಲ್ಲಿ ಲಾಟೀನು, ಒರೆಸುವ ಬಟ್ಟೆ, ಫೋನ್, ಚಿನ್ನಿಯ ಹೊದಿಕೆ, ಮತ್ತೆ ಫೋಟೋ ಫ್ರೇಮ್. ಬಟ್ಟೆಯನ್ನು ಸ್ಕ್ರಿಪ್ಟ್ ಹೇಳಿಲ್ಲ. ಆದರೆ ಗಾಜು ಒರೆಸಲು ಏನಾದರೂ ಬೇಕಲ್ಲ. ಕ್ರಿಯಾಪದ ಕಂಡಲ್ಲೆಲ್ಲ 'ಯಾವುದರಿಂದ?' ಅಂತ ಕೇಳಿ. ಅಡಗಿರುವ ಪ್ರಾಪ್ಸ್ ಹೊರಗೆ ಬರುತ್ತವೆ.

ಫ್ರೇಮ್ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಅದು ಒಡೆಯುತ್ತದೆ. ಅಂದರೆ ಪ್ರತಿ ಟೇಕ್‌ಗೂ ಹೊಸ ಗಾಜು. ನಿರ್ದೇಶಕರು ಎರಡು ಆ್ಯಂಗಲ್‌ನಿಂದ ಮೂರು ಮೂರು ಟೇಕ್ ಅಂದರೆ ಆರು, ಕೈತಪ್ಪಿ ಬಿದ್ದರೆ ಅಂತ ಇನ್ನೆರಡು, ಒಟ್ಟು ಎಂಟು. ಹತ್ತಿರದ ಶಾಟ್‌ನಲ್ಲಿ ಒರೆಸುವಾಗ ಕಾಣುವ ಫ್ರೇಮ್ ಬೇರೆ, ಅದು ಒಡೆಯುವುದಿಲ್ಲ. ಪಕ್ಕದಲ್ಲಿ ಮಗು ಮಲಗಿರುವುದರಿಂದ ನಿಜವಾದ ಗಾಜು ಬೇಡ. ಶೂಟಿಂಗ್‌ಗೆಂದೇ ರೆಸಿನ್‌ನಿಂದ ಮಾಡಿದ, ಒಡೆದರೂ ಅಷ್ಟಾಗಿ ಕೊಯ್ಯದ ಗಾಜು ಬೇಕು. ಅದನ್ನು ಮುಂಚೆಯೇ ಮಾಡಿಸಬೇಕು. ಶೀಟ್‌ನಲ್ಲಿ 'ಫೋಟೋ ಫ್ರೇಮ್' ಅಂತ ಮಾತ್ರ ಬರೆದಿದ್ದರೆ ಪ್ರಾಪ್ಸ್ ನೋಡಿಕೊಳ್ಳುವವರು ಒಂದೇ ಒಂದು ತಂದಿರುತ್ತಾರೆ. ಅವರ ತಪ್ಪಲ್ಲ ಅದು.

ಫ್ರೇಮ್ ಒಳಗಿನ ಫೋಟೋ? ಮದುವೆ ದಿನದ ಶಾರದಾ ಮತ್ತು ಗಂಡ. ಆ ಫೋಟೋ ಎಲ್ಲಿಂದ ಬರಬೇಕು? ಶಾರದಾಳ ಪಾತ್ರಧಾರಿಯನ್ನು ಮೇಕಪ್‌ನಲ್ಲಿ ಚಿಕ್ಕವಳಾಗಿ ತೋರಿಸಬೇಕೋ, ಬೇರೆ ಹುಡುಗಿ ಬೇಕೋ? ಗಂಡನ ಪಾತ್ರ ಸ್ಕ್ರಿಪ್ಟ್‌ನಲ್ಲಿ ಬೇರೆಲ್ಲೂ ಇಲ್ಲ. ಆದರೂ ಒಬ್ಬ ನಟ ಬೇಕು. ಮದುವೆಯ ಬಟ್ಟೆ, ಒಡವೆ, ಮೇಕಪ್, ಫೋಟೋಗ್ರಾಫರ್, ಅರ್ಧ ದಿನ. ಇದು ಮುಖ್ಯ ಶೂಟಿಂಗ್‌ಗಿಂತ ಮುಂಚೆ ಮುಗಿಯಬೇಕಾದ ಒಂದು ಪುಟ್ಟ ಶೂಟ್. ಇದಕ್ಕೇ ಒಂದು ಶೀಟ್ ಮಾಡಿ, '24 ಫೋಟೋ ಶೂಟ್' ಅಂತ ಹೆಸರಿಡಿ. ಗೋಡೆಯ ಮೇಲಿನ ಫೋಟೋ, ಪತ್ರಿಕೆಯ ಸುದ್ದಿ, ಟೀವಿಯಲ್ಲಿ ಓಡುವ ವಾರ್ತೆ, ಫೋನಿನ ವಿಡಿಯೋ, ಎಲ್ಲವೂ ಈ ಜಾತಿಗೇ ಸೇರಿದವು.

ಫೋನ್ ಪರದೆಯ ಹೆಸರನ್ನು ಸೆಟ್‌ನಲ್ಲೇ ನಿಜವಾಗಿ ಕರೆ ಮಾಡಿ ತೋರಿಸುತ್ತೀರೋ, ಆಮೇಲೆ ಗ್ರಾಫಿಕ್ಸ್‌ನಲ್ಲಿ ಕೂರಿಸುತ್ತೀರೋ? ಉತ್ತರ ಗೊತ್ತಾಗುವವರೆಗೆ ಪ್ರಶ್ನೆ ಅಂತ ಬರೆದಿಡಿ.

ಕಾಸ್ಟ್ಯೂಮ್ ಮತ್ತು ಮೇಕಪ್. ರವಿ ಒಳಗೆ ಬರುವಾಗಲೇ ಒದ್ದೆ, ಆದ್ದರಿಂದ ಈ ಸೀನ್‌ಗೆ ಮಾತ್ರ ಆದರೆ ಒಂದೇ ಅಂಗಿಯನ್ನು ಮತ್ತೆ ಮತ್ತೆ ನೆನೆಸಬಹುದು. ಆದರೆ ಸೀನ್ 23ರಲ್ಲಿ ಅದೇ ಅಂಗಿ ಒಣಗಿದ್ದು ಶುರುವಾಗಿ, ಬಿದ್ದು, ಹರಿಯುತ್ತದೆ. ಬೀಳುವುದಕ್ಕೆ ಡ್ಯೂಪ್ ಇದ್ದರೆ ಅವನಿಗೂ ಅದೇ ಅಂಗಿ, ಅವನ ಅಳತೆಯದ್ದು. ನಟನಿಗೆ ಕನಿಷ್ಠ ಮೂರು, ಡ್ಯೂಪ್‌ಗೆ ಎರಡು ಅಂತ ಬರೆದು ಕಾಸ್ಟ್ಯೂಮ್ ಡಿಸೈನರ್‌ಗೆ ಬಿಡಿ. ಒಂದೇ ತರಹದ ಐದು ಅಂಗಿ ಕೊನೇ ಗಳಿಗೆಯಲ್ಲಿ ಸಿಗುವುದು ಕಷ್ಟ.

ಗಾಯಕ್ಕೆ ಹಂತ ಬರೆಯಿರಿ. ಹಂತ 1 ತಾಜಾ ರಕ್ತ (ಸೀನ್ 23, 24). ಹಂತ 2 ಬ್ಯಾಂಡೇಜ್. ಹಂತ 3 ಕಲೆ. ಶೂಟಿಂಗ್ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲವಲ್ಲ. ಈ ಹಂತ ಬರೆದಿಡದಿದ್ದರೆ ಯಾವ ದಿನ ಯಾವ ಗಾಯ ಅನ್ನುವುದು ಯಾರಿಗೂ ನೆನಪಿರುವುದಿಲ್ಲ.

ಎಫೆಕ್ಟ್ಸ್. ಸೆಟ್‌ನಲ್ಲೇ ನಿಜವಾಗಿ ಮಾಡುವುದು ಸ್ಪೆಷಲ್ ಎಫೆಕ್ಟ್. ಆಮೇಲೆ ಕಂಪ್ಯೂಟರ್‌ನಲ್ಲಿ ಮಾಡುವುದು ವಿಎಫ್‌ಎಕ್ಸ್. ಎರಡಕ್ಕೂ ಜನ ಬೇರೆ, ದುಡ್ಡು ಖರ್ಚಾಗುವ ಹೊತ್ತೂ ಬೇರೆ, ಆದ್ದರಿಂದ ಒಂದೇ ಕಾಲಂನಲ್ಲಿ ತುರುಕಬೇಡಿ.

ಇಲ್ಲಿನ ದೊಡ್ಡ ಎಫೆಕ್ಟ್ ಮಳೆ. ಹಜಾರದ ಶೀಟ್‌ನಲ್ಲಿ ಅದು ಕಿಟಕಿ ಮತ್ತು ತೆರೆದ ಬಾಗಿಲಿನ ಆಚೆ ಮಾತ್ರ. ತೂತು ಕೊರೆದ ಒಂದು ಪೈಪು, ಸ್ವಲ್ಪ ನೀರು ಸಾಕು. ಅಂಗಳದ ಶೀಟ್‌ನಲ್ಲಿ ಪೂರ್ತಿ ಚೌಕಟ್ಟು ತುಂಬಬೇಕು. ಎತ್ತರದ ರೇನ್ ಮೆಷಿನ್, ನೀರಿನ ಟ್ಯಾಂಕರ್, ಪಂಪ್, ಅದನ್ನು ನಡೆಸುವವರು. ರಾತ್ರಿಯಲ್ಲಿ ಮಳೆ ಕ್ಯಾಮೆರಾಕ್ಕೆ ಕಾಣಬೇಕಾದರೆ ಹಿಂದಿನಿಂದ ಬೆಳಕು ಬೀಳಬೇಕು. ಅಂದರೆ ದೊಡ್ಡ ಲೈಟ್, ಅದನ್ನು ಎತ್ತರಕ್ಕೆ ಏರಿಸುವ ವ್ಯವಸ್ಥೆ. ನೀರಿನ ಹತ್ತಿರ ಕೇಬಲ್ ಇರುವುದರಿಂದ ಕರೆಂಟಿನ ಸುರಕ್ಷತೆಗೆ ಒಬ್ಬರು ಬೇಕೇ ಬೇಕು. 5/8 ಇರುವ ಶೀಟ್‌ಗಿಂತ 1/8 ಇರುವ ಶೀಟ್‌ಗೆ ಯಾಕೆ ಜಾಸ್ತಿ ಖರ್ಚು ಅನ್ನುವುದು ಈಗ ಕಾಣುತ್ತದೆ.

ಮಳೆ ಮೆಷಿನ್ ಸದ್ದಿನಲ್ಲಿ ಶಾರದಾಳ ಮಾತು ಸರಿಯಾಗಿ ರೆಕಾರ್ಡ್ ಆಗುವುದಿಲ್ಲ. ಧ್ವನಿ ವಿಭಾಗಕ್ಕೆ 'ಡಬ್ಬಿಂಗ್ ಬೇಕಾಗಬಹುದು' ಅಂತ ಟಿಪ್ಪಣಿ ಬರೆಯಿರಿ.

ಧ್ವನಿ, ವಾಹನ, ಪ್ರಾಣಿ. ನಾಯಿ ಕಾಣುವುದಿಲ್ಲ, ಬರೀ ಕೇಳುತ್ತದೆ. ಅದು ಧ್ವನಿ. ಪ್ರಾಣಿ ಅಂತ ಟ್ಯಾಗ್ ಮಾಡಿದರೆ ನಾಯಿಯೂ ಅದರ ತರಬೇತುದಾರನೂ ಬಂದು ಕೂತಿರುತ್ತಾರೆ. ಬೈಕ್ ಕೂಡ ಹಜಾರದ ಶೀಟ್‌ನಲ್ಲಿ ಧ್ವನಿ, ಅಂಗಳದ ಶೀಟ್‌ನಲ್ಲಿ ವಾಹನ. ಬಿದ್ದ ಗುರುತಿರುವ ಬೈಕ್. ಕೆಸರು ನೆಲದಲ್ಲಿ, ಮಳೆಯಲ್ಲಿ, ಕತ್ತಲಲ್ಲಿ ನಟನೇ ಓಡಿಸಬೇಕೋ, ಡ್ಯೂಪೋ? ಅದು ಸ್ಟಂಟ್ ವಿಭಾಗಕ್ಕೆ ಪ್ರಶ್ನೆ.

## ತುಂಬಿದ ಶೀಟ್

ಅಂಗಳದ ಶೀಟ್ ಕೊನೆಗೆ ಹೀಗಿರುತ್ತದೆ:

ಸೀನ್: 24 ಭಾಗ 2 | ಶೀಟ್: 31 | ಸ್ಕ್ರಿಪ್ಟ್ ಆವೃತ್ತಿ: ಬಿಳಿ
ಸೆಟ್: ಶಾರದಾ ಮನೆ - ಅಂಗಳ | ಹೊರಗೆ / ರಾತ್ರಿ | ಕಥೆಯ ದಿನ: ರಾತ್ರಿ 3 | ಉದ್ದ: 1/8
ಒಂದು ಸಾಲಿನಲ್ಲಿ: ರವಿ ಬೈಕ್ ಹತ್ತಿ ಮಳೆಯಲ್ಲಿ ಹೊರಟುಹೋಗುತ್ತಾನೆ.
ಪಾತ್ರ: 1 ರವಿ
ಸ್ಟಂಟ್: ರವಿ ಡ್ಯೂಪ್ (?)
ವಾಹನ: ರವಿ ಬೈಕ್, ಬಿದ್ದ ಗುರುತಿನೊಂದಿಗೆ (ಸೀನ್ 23 ನೋಡಿ)
ಪ್ರಾಪ್ಸ್: ರವಿ ಫೋನ್, ಬೈಕ್ ಕೀಲಿ
ಕಾಸ್ಟ್ಯೂಮ್: ರವಿ ರಾತ್ರಿ 3, ಒದ್ದೆ, ಹರಿದದ್ದು, ಟೇಕ್ ನಡುವೆ ಹೊದೆಯಲು ಒಣ ಬಟ್ಟೆ
ಮೇಕಪ್: ಗಾಯ ಹಂತ 1
ಸ್ಪೆಷಲ್ ಎಫೆಕ್ಟ್: ಮಳೆ, ಪೂರ್ತಿ ಚೌಕಟ್ಟು, ಟ್ಯಾಂಕರ್
ಉಪಕರಣ: ಮಳೆಗೆ ಹಿಂಬೆಳಕು, ಕ್ಯಾಮೆರಾಕ್ಕೆ ಮಳೆ ರಕ್ಷಣೆ
ಅಂದಾಜು ಹೊತ್ತು: 4 ಗಂಟೆ
ಪ್ರಶ್ನೆ: ಡ್ಯೂಪ್ ಬೇಕೇ? ಬೈಕ್ ಹೆಡ್‌ಲೈಟ್ ಒಡೆದಿದೆಯೇ?

ದರ, ಮೊತ್ತ ಯಾವುದನ್ನೂ ಈ ಶೀಟ್‌ನಲ್ಲಿ ಬರೆಯಬೇಡಿ. ಇದು ಎಲ್ಲ ವಿಭಾಗದವರ ಕೈಗೂ ಹೋಗುವ ಹಾಳೆ.

'ಪ್ರಶ್ನೆ' ಸಾಲುಗಳನ್ನೆಲ್ಲ ಒಂದು ಕಡೆ ಸೇರಿಸಿ ನಿರ್ದೇಶಕರ ಮುಂದೆ ಇಡಿ. ಉತ್ತರ ಬಂದ ಮೇಲೆ ಕಲಾ ನಿರ್ದೇಶಕರು, ಕಾಸ್ಟ್ಯೂಮ್, ಮೇಕಪ್, ಸ್ಟಂಟ್ ಎಲ್ಲರೂ ತಮ್ಮ ಸಾಲುಗಳನ್ನು ತಿದ್ದಿ ಕೊಡಲಿ. ಅವರಿಗೆ ಗೊತ್ತಿರುವುದು ನಿಮಗೆ ಗೊತ್ತಿರುವುದಿಲ್ಲ.

## ಶೀಟ್‌ನಿಂದ ಶೆಡ್ಯೂಲ್‌ಗೆ

ಶೆಡ್ಯೂಲ್ ಹಾಕುವಾಗ ಪ್ರತಿ ಶೀಟ್ ಒಂದು ಸ್ಟ್ರಿಪ್ ಆಗುತ್ತದೆ, ಅಂದರೆ ಬೇಕಾದ ಕ್ರಮದಲ್ಲಿ ಸರಿಸಿ ಜೋಡಿಸಬಹುದಾದ ಬಣ್ಣದ ಉದ್ದ ತುಂಡು. ಸ್ಟ್ರಿಪ್‌ಗೆ ಬಣ್ಣದ ರೂಢಿ ಬೇರೆ ಇದೆ. ಒಳಗೆ ಹಗಲು ಬಿಳಿ, ಹೊರಗೆ ಹಗಲು ಹಳದಿ, ಒಳಗೆ ರಾತ್ರಿ ನೀಲಿ, ಹೊರಗೆ ರಾತ್ರಿ ಹಸಿರು. ಅವನ್ನು ಸೆಟ್ ಹೆಸರಿನ ಮೇಲೆ ವಿಂಗಡಿಸಿದಾಗ ಶಾರದಾ ಮನೆಯಲ್ಲಿ ಇಷ್ಟು ಸಿಕ್ಕಿತು ಅಂದುಕೊಳ್ಳಿ. ಹಜಾರದಲ್ಲಿ ಸೀನ್ 5 (1 6/8), ಸೀನ್ 11 (1 1/8), 24 ಭಾಗ 1 (5/8), ಸೀನ್ 38 (2 2/8). ಅಂಗಳದಲ್ಲಿ 24 ಭಾಗ 2 (1/8) ಮತ್ತು ಸೀನ್ 39 (6/8). ಒಟ್ಟು 53 ಎಂಟನೇ ಭಾಗ, ಅಂದರೆ 6 5/8 ಪುಟ.

ದಿನಕ್ಕೆ ಮೂರು ಪುಟ ಅಂತ ಹಿಡಿದರೆ ಎರಡೂ ಕಾಲು ದಿನ. ಆದರೆ ಶೀಟ್‌ಗಳು ಬೇರೆಯದೇ ಮಾತಾಡುತ್ತವೆ.

ಚಿನ್ನಿ ಇರುವುದು 5 ಮತ್ತು 24ರಲ್ಲಿ ಮಾತ್ರ. ಎರಡನ್ನೂ ಒಂದೇ ದಿನ ಇಟ್ಟರೆ ಅವಳ ಕೆಲಸ ಒಂದು ದಿನಕ್ಕೆ ಮುಗಿಯುತ್ತದೆ. 24 ರಾತ್ರಿಯ ಸೀನ್ ಆದರೂ ಒಳಗಿನದು. ಕಿಟಕಿಗೆ ಹೊರಗಿನಿಂದ ಕಪ್ಪು ಬಟ್ಟೆ ಕಟ್ಟಿ ಹಗಲಿನಲ್ಲೇ ತೆಗೆಯಬಹುದು. ಬಾಗಿಲು ತೆರೆದು ಮಳೆ ಕಾಣುವ ಶಾಟ್‌ಗಳಿಗೆ ಮಾತ್ರ ನಿಜವಾದ ರಾತ್ರಿ ಬೇಕು. ಆಗ ಮೂಲೆಯಲ್ಲಿ ಚಿನ್ನಿ ಮಲಗಿರುವುದು ದೂರದಿಂದ ಕಾಣಬೇಕಾದರೆ ಹೊದಿಕೆಯ ಕೆಳಗೆ ದಿಂಬು ಸಾಕು.

ಇನ್ನು ಮಳೆ. ಸೀನ್ 39ರಲ್ಲಿ 'ಮಳೆ' ಅನ್ನುವ ಶಬ್ದವೇ ಇಲ್ಲ. 'ರವಿ ಅಂಗಳದಲ್ಲಿ ಒಬ್ಬನೇ ನಿಂತಿದ್ದಾನೆ' ಅಂತಷ್ಟೇ ಇದೆ. ಆದರೆ ಅದರ ಹಿಂದಿನ ಸೀನ್ 38ರ ಕೊನೆಯಲ್ಲಿ ಶಾರದಾ ಕಿಟಕಿಯತ್ತ ನೋಡಿ 'ಇವತ್ತೂ ಮಳೆ ನಿಲ್ಲೋ ಹಾಗೆ ಕಾಣಲ್ಲ' ಅನ್ನುತ್ತಾಳೆ. ಹಾಗಾದರೆ 39ರಲ್ಲೂ ಮಳೆ. ಟ್ಯಾಗ್ ಮಾಡುವಾಗ ಇದು ಕಣ್ಣಿಗೆ ಬಿದ್ದರೆ ಎರಡೂ ಅಂಗಳದ ಸೀನ್ ಒಂದೇ ರಾತ್ರಿಗೆ, ಒಂದೇ ಮಳೆ ಬಾಡಿಗೆಗೆ ಬರುತ್ತವೆ. ಕಣ್ಣಿಗೆ ಬೀಳದಿದ್ದರೆ 39 ಅನ್ನು ಮಳೆಯಿಲ್ಲದ ಬೇರೆ ರಾತ್ರಿಗೆ ಹಾಕಿರುತ್ತೀರಿ. ಸೆಟ್‌ನಲ್ಲಿ ನಿರ್ದೇಶಕರು 'ಮಳೆ ಎಲ್ಲಿ?' ಅಂತ ಕೇಳಿದಾಗ ಟ್ಯಾಂಕರ್ ವಾಪಸ್ ಹೋಗಿ ದಿನಗಳಾಗಿರುತ್ತವೆ.

ಹೀಗೆ ನೋಡಿದಾಗ ಮೊದಲ ದಿನ ಸೀನ್ 5, ಜತೆಗೆ 24ರ ಹಗಲಿನಲ್ಲಿ ತೆಗೆಯಬಹುದಾದ ಶಾಟ್‌ಗಳು. ಎರಡನೇ ದಿನ 11 ಮತ್ತು 38, ಒಟ್ಟು 3 3/8. 38 ಕೂಡ ರಾತ್ರಿಯ ಸೀನ್ ಆದ್ದರಿಂದ ಅದಕ್ಕೂ ಕಪ್ಪು ಬಟ್ಟೆಯೇ. ಮರುದಿನ ಹಗಲು ತಂಡಕ್ಕೆ ಪೂರ್ತಿ ವಿಶ್ರಾಂತಿ, ಸಂಜೆ ಕರೆ. ಆ ರಾತ್ರಿ 39, 24ರ ಬಾಗಿಲಿನ ಶಾಟ್‌ಗಳು, 24 ಭಾಗ 2. 39ರಲ್ಲಿ ಗಾಯ ಬ್ಯಾಂಡೇಜ್ ಹಂತದಲ್ಲಿದೆ, ಮುಖ ಚೊಕ್ಕ. ಅದನ್ನು ಮೊದಲು ಮುಗಿಸಿ ಆಮೇಲೆ ರಕ್ತ ಹಚ್ಚುವುದು ಮೇಕಪ್‌ನವರಿಗೆ ಸುಲಭ.

ಪುಟದ ಲೆಕ್ಕ ಎರಡೂ ಕಾಲು ದಿನ ಅಂದಿತ್ತು. ಉತ್ತರ ಎರಡು ಹಗಲು, ಒಂದು ಪೂರ್ತಿ ರಾತ್ರಿ.

## ಬಜೆಟ್‌ಗೆ

ಶೆಡ್ಯೂಲ್ ಬಂದ ಮೇಲೆ ಬಜೆಟ್ ಹಾಕುವುದು ಬಹುಪಾಲು ಗುಣಾಕಾರ. ಎಷ್ಟು, ಎಷ್ಟು ದಿನ, ದರ ಎಷ್ಟು. ಮೊದಲ ಸಂಖ್ಯೆ ಶೀಟ್‌ನಿಂದ, ಎರಡನೆಯದು ಶೆಡ್ಯೂಲ್‌ನಿಂದ, ಮೂರನೆಯದು ಆಯಾ ವಿಭಾಗದಿಂದ. ಒಡೆಯುವ ಗಾಜು ಎಂಟು, ಒಂದೇ ಸಲದ ಖರೀದಿ. ಮಳೆ ತಂಡ ಒಂದು, ಒಂದು ರಾತ್ರಿ. ಅಂಗಿ ಐದು. ಫೋಟೋ ಶೂಟ್ ಅರ್ಧ ದಿನ.

ಪ್ರೊಡ್ಯೂಸರ್ ಖರ್ಚು ಕಡಿಮೆ ಮಾಡಬೇಕು ಅಂದಾಗಲೂ ಇದೇ ಶೀಟ್‌ಗಳು ಕೈಗೆ ಬರುತ್ತವೆ. ರವಿ ಅಂಗಳದಲ್ಲಿ ಹೋಗುವುದನ್ನು ತೋರಿಸದೆ, ಹಜಾರದ ಒಳಗಿಂದ ಶಾರದಾಳ ಮುಖದ ಮೇಲೆ ಬೈಕ್ ಸದ್ದು ದೂರವಾಗುವುದನ್ನು ಕೇಳಿಸಿದರೆ? 24 ಭಾಗ 2 ಇಡಿಯಾಗಿ ಹೋಗುತ್ತದೆ. ಬೈಕ್ ವಾಹನದಿಂದ ಮತ್ತೆ ಧ್ವನಿಯಾಗುತ್ತದೆ, ಡ್ಯೂಪ್ ಬೇಡ. ಆದರೆ 39 ಇನ್ನೂ ಇದೆಯಲ್ಲ, ಮಳೆ ಬಾಡಿಗೆ ಹಾಗೇ ಉಳಿಯುತ್ತದೆ. ಉಳಿತಾಯ ಅಂದುಕೊಂಡಷ್ಟಿಲ್ಲ ಅಂತ ಎರಡು ನಿಮಿಷದಲ್ಲಿ ಹೇಳಬಹುದು. ನಿರ್ದೇಶಕರು ಆ ಶಾಟ್ ಉಳಿಸಿಕೊಳ್ಳಲು ವಾದ ಮಾಡುವುದಾದರೆ ಅವರ ಕೈಗೂ ಇದೇ ಲೆಕ್ಕ ಸಿಗಬೇಕು.

## ಸ್ಕ್ರಿಪ್ಟ್ ಬದಲಾದಾಗ

ಬದಲಾಗಿಯೇ ಆಗುತ್ತದೆ. ಲಾಕ್ ಆದ ಮೇಲೆ ಬರುವ ಬದಲಾವಣೆಯ ಪುಟಗಳನ್ನು ಬೇರೆ ಬಣ್ಣದ ಕಾಗದದಲ್ಲಿ, ತಾರೀಖು ಹಾಕಿ ಹಂಚುವುದು ಪದ್ಧತಿ. ಹೊಸ ಸೀನ್ 24 ಮತ್ತು 25ರ ನಡುವೆ ಬಂದರೆ ಅದು 24A. ತೆಗೆದುಹಾಕಿದ ಸೀನ್‌ನ ನಂಬರನ್ನು ಮತ್ತೊಂದಕ್ಕೆ ಕೊಡಬೇಡಿ. 'ಕೈಬಿಡಲಾಗಿದೆ' ಅಂತ ಬರೆದು ಜಾಗ ಹಾಗೇ ಉಳಿಸಿ.

ಬದಲಾದ ಪುಟದ ಶೀಟ್ ಮಾತ್ರ ತಿದ್ದಿದರೆ ಸಾಲದು. ಸೀನ್ 23ರಲ್ಲಿ ರವಿ ಬೈಕ್‌ನಿಂದ ಬೀಳುವ ಬದಲು ಯಾರೋ ಹೊಡೆದರು ಅಂತ ಬರೆದವರು ತಿದ್ದಿದರೆ, ಸೀನ್ 24ರಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ. ಆದರೆ ಬೈಕ್ ಮೇಲಿನ ಗುರುತು ಬೇಡ, ಹರಿದ ಅಂಗಿ ಬೇರೆ ತರಹ, ಗಾಯ ಬೇರೆ ಕಡೆ, ಡ್ಯೂಪ್‌ನ ಎರಡು ಅಂಗಿ ಬೇಕೋ ಬೇಡವೋ ಅನ್ನುವುದು ಮತ್ತೆ ಪ್ರಶ್ನೆ. ಅದಕ್ಕೆ ಹೊಸ ಪುಟ ಬಂದಾಗಲೆಲ್ಲ ಅದರ ಕಥೆಯ ದಿನ ನೋಡಿ, ಅದೇ ದಿನದ ಎಲ್ಲ ಶೀಟ್‌ಗಳನ್ನು ತೆಗೆದು ಓದಿ. ತಿದ್ದಿದ ಶೀಟ್‌ಗಳ ಮೇಲೆ ಆವೃತ್ತಿಯ ಬಣ್ಣ, ತಾರೀಖು ಬದಲಿಸಿ. ಹಳೆಯವನ್ನು ವಿಭಾಗಗಳಿಂದ ವಾಪಸ್ ಪಡೆಯಿರಿ.